ಸತ್ತವರ ಸಾಕ್ಷಿ: ಖೈಬರ್ ಪತ್ರದ ಪ್ರಕರಣ

ಹಿಜರಿ 447, ಅಂದರೆ ಕ್ರಿ.ಶ. 1055ರ ಸುಮಾರು. ಬಗ್ದಾದಿನಲ್ಲಿ ಖಲೀಫ ಅಲ್-ಕಾಯಿಮನ ವಜೀರ ಇಬ್ನ್ ಅಲ್-ಮುಸ್ಲಿಮಾನ ಮುಂದೆ ಕೆಲವು ಯಹೂದಿಗಳು ಒಂದು ಹಳೆಯ ಪತ್ರ ತಂದಿಟ್ಟರು. ತಾವು ಅರೇಬಿಯಾದ ಖೈಬರ್ ಎಂಬ ಯಹೂದಿ ನೆಲೆಯವರ ವಂಶಸ್ಥರು, ಖೈಬರಿನವರಿಗೆ ಜಿಝಿಯಾ ತಲೆಗಂದಾಯವಿಲ್ಲ ಎಂದು ಪ್ರವಾದಿ ಮುಹಮ್ಮದರೇ (ಸ) ಬರೆಸಿಕೊಟ್ಟ ಕಾಗದ ಇದು ಎಂಬುದು ಅವರ ವಾದ. ಪತ್ರದಲ್ಲಿ ಸಹಾಬಿಗಳ, ಅಂದರೆ ಪ್ರವಾದಿಯ ಒಡನಾಡಿಗಳ, ಸಾಕ್ಷಿ ಇತ್ತು. ಬರವಣಿಗೆ ಸ್ವತಃ ಪ್ರವಾದಿಯ ಅಳಿಯ ಅಲಿಯವರದು ಎಂದೂ ಹೇಳಿದರು.

ವಜೀರನಿಗೆ ಇದು ಧರ್ಮಸಂಕಟ. ಒಪ್ಪಿದರೆ ಖಜಾನೆಗೆ ನಷ್ಟ, ಅದೂ ಒಂದು ವರ್ಷದ್ದಲ್ಲ. ತಳ್ಳಿಹಾಕಿದರೆ ಪ್ರವಾದಿಯ ಮಾತನ್ನೇ ತಳ್ಳಿದ ಪಾಪ. ಅವನು ಪತ್ರವನ್ನು ಅಬೂ ಬಕರ್ ಅಲ್-ಖತೀಬರಿಗೆ ತೋರಿಸಿದ. ಖತೀಬ್ ಬಗ್ದಾದಿ ಎಂದರೆ ಹದೀಸನ್ನು, ಅಂದರೆ ಪ್ರವಾದಿಯ ನಡೆನುಡಿಯ ವರದಿಗಳನ್ನು, ಬಲ್ಲ ಆ ಕಾಲದ ವಿದ್ವಾಂಸರಲ್ಲಿ ದೊಡ್ಡ ಹೆಸರು. ಬಗ್ದಾದಿಗೆ ಸಂಬಂಧಪಟ್ಟ ಸಾವಿರಾರು ಜನರ ಜೀವನವಿವರಗಳನ್ನು ಕಲೆಹಾಕಿದವರು. ಯಾರು ಯಾವಾಗ ಹುಟ್ಟಿದರು, ಯಾರಿಂದ ಕೇಳಿದರು, ಯಾವಾಗ ಸತ್ತರು ಎಂಬುದೇ ಅವರ ದಿನನಿತ್ಯದ ಕೆಲಸ.

ಖತೀಬರು ಓದಿ ನೋಡಿ, ಇದು ಖೋಟಾ ಎಂದರು. ಹೇಗೆ ಹೇಳುತ್ತೀರಿ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಎರಡೇ ವಾಕ್ಯದ್ದು. ಇದರಲ್ಲಿ ಮುಆವಿಯಾರ ಸಾಕ್ಷಿ ಇದೆ, ಆದರೆ ಅವರು ಮುಸ್ಲಿಮರಾದದ್ದು ಮಕ್ಕಾ ವಿಜಯದ ವರ್ಷ, ಖೈಬರ್ ಗೆದ್ದದ್ದು ಅದಕ್ಕೆ ಮೊದಲು, ಹಿಜರಿ 7ರಲ್ಲಿ. ಇದರಲ್ಲಿ ಸಅದ್ ಬಿನ್ ಮುಆದರ ಸಾಕ್ಷಿಯೂ ಇದೆ, ಆದರೆ ಅವರು ಖೈಬರಿಗೆ ಎರಡು ವರ್ಷ ಮೊದಲೇ, ಕಂದಕ ಯುದ್ಧದ ಗಾಯದಿಂದ ತೀರಿಕೊಂಡಿದ್ದರು.

ಪ್ರಕರಣ ಅಲ್ಲಿಗೇ ಮುಗಿಯಿತು. ಹದೀಸ್ ಶಾಸ್ತ್ರದ ಚರಿತ್ರೆ ಬರೆದವರೆಲ್ಲ ಈ ಕಥೆ ಹೇಳುತ್ತಾರೆ, ಹೇಳಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇದನ್ನು ಬಿಚ್ಚಿ ಬಿಚ್ಚಿ ನೋಡಬೇಕು ಅನ್ನಿಸಿದ್ದು ಒಂದು ಕಾರಣಕ್ಕೆ. ಹದೀಸ್ ಪರೀಕ್ಷೆ ಎಂದರೆ ಬರೀ ಸನದ್ ನೋಡುವುದು, ಇಂಥವರು ಇಂಥವರಿಂದ ಕೇಳಿದರು ಎಂಬ ಸರಪಳಿಯ ಕೊಂಡಿಗಳನ್ನು ಎಣಿಸುವುದು, ಒಳಗಿನ ಮಾತನ್ನು ಅಂದರೆ ಮತ್ನನ್ನು ಯಾರೂ ಮುಟ್ಟುತ್ತಿರಲಿಲ್ಲ ಎಂಬ ಅಭಿಪ್ರಾಯ ಬಹಳ ಜನಕ್ಕಿದೆ. ಇಲ್ಲಿ ನೋಡಿದರೆ ಸನದ್ ಎಂಬುದೇ ಇಲ್ಲ. ಪತ್ರ ಯಾರ ಬಾಯಿಂದ ಯಾರ ಕಿವಿಗೂ ಬಂದದ್ದಲ್ಲ, ಕೈಯಿಂದ ಕೈಗೆ ಬಂದ ಚರ್ಮವೋ ಕಾಗದವೋ. ಸರಪಳಿಯಲ್ಲಿ ಇಂಥ ಕೊಂಡಿ ಸುಳ್ಳುಗಾರ ಎಂದು ತೋರಿಸಲು ಅಲ್ಲಿ ಕೊಂಡಿಯೇ ಇಲ್ಲ. ಖತೀಬರ ಕೈಯಲ್ಲಿದ್ದದ್ದು ಒಳಗಿನ ಮಾತು ಮಾತ್ರ.

ಮೊದಲು ಸಅದರ ವಿಷಯ. ಸಾವಿನ ಇಸವಿ ನೋಡಿ ಖೋಟಾ ಹಿಡಿಯುವುದು ಸುಲಭ ಅನ್ನಿಸುತ್ತದೆ, ಆದರೆ ಆ ಇಸವಿ ಎಷ್ಟು ಗಟ್ಟಿ ಎಂದು ಮೊದಲು ಕೇಳಬೇಕು. ಸಅದರ ಸಾವು ಒಂದು ಸಾಲಿನ ದಾಖಲೆಯಲ್ಲ. ಬುಖಾರಿ ಮತ್ತು ಮುಸ್ಲಿಂ ಎಂಬ ಇಬ್ಬರು ಹದೀಸ್ ಸಂಗ್ರಾಹಕರ ಗ್ರಂಥಗಳಲ್ಲೂ ಪ್ರವಾದಿಯ ಪತ್ನಿ ಆಯಿಶಾರ ವರದಿ ಇದೆ. ಕಂದಕ ಯುದ್ಧದ ದಿನ ಕುರೈಷಿಯೊಬ್ಬ ಬಿಟ್ಟ ಬಾಣ ಸಅದರ ತೋಳಿನ ದೊಡ್ಡ ರಕ್ತನಾಳಕ್ಕೆ ತಾಗಿತು. ಹತ್ತಿರದಲ್ಲೇ ಇದ್ದು ನೋಡಿಕೊಳ್ಳಲೆಂದು ಪ್ರವಾದಿಯವರು ಮಸೀದಿಯೊಳಗೇ ಅವರಿಗೊಂದು ಡೇರೆ ಹಾಕಿಸಿದರು. ಮದೀನಾದ ಯಹೂದಿ ಬುಡಕಟ್ಟು ಬನೂ ಕುರೈಝಾದ ಪ್ರಕರಣದಲ್ಲಿ ತೀರ್ಪು ಹೇಳಲು ಸಅದರನ್ನೇ ಕರೆಸಿದರು. ಆಮೇಲೆ ಗಾಯ ಒಡೆಯಿತು. ಮಸೀದಿಯಲ್ಲೇ ಇನ್ನೊಂದು ಡೇರೆಯಲ್ಲಿದ್ದ ಬನೂ ಗಿಫಾರಿನವರು ತಮ್ಮ ಕಡೆಗೆ ರಕ್ತ ಹರಿದು ಬರುವುದನ್ನು ಕಂಡು, ‘ಡೇರೆಯವರೇ, ನಿಮ್ಮ ಕಡೆಯಿಂದ ಇದೇನು ಬರುತ್ತಿದೆ’ ಎಂದು ಕೂಗಿದರಂತೆ. ಸಅದ್ ಆ ಗಾಯದಲ್ಲೇ ಸತ್ತರು.

ಕಂದಕ ಯುದ್ಧ ಯಾವ ವರ್ಷ ಎಂಬುದರಲ್ಲಿ ಭಿನ್ನಾಭಿಪ್ರಾಯ ಉಂಟು. ಹೆಚ್ಚಿನವರು ಹಿಜರಿ 5 ಎನ್ನುತ್ತಾರೆ, ಹಳೆಯ ಚರಿತ್ರಕಾರ ಮೂಸಾ ಬಿನ್ ಉಕ್ಬಾ 4 ಎನ್ನುತ್ತಾನೆ. ಪತ್ರದ ಪರ ವಾದಿಸುವವನು ಈ ಬಿರುಕಿಗೆ ಬೆರಳಿಡಬಹುದು. ಆದರೆ ಇಟ್ಟು ಪ್ರಯೋಜನವಿಲ್ಲ. ಖತೀಬರ ವಾದ ನಿಂತಿರುವುದು ಅಂಕಿಯ ಮೇಲಲ್ಲ, ಘಟನೆಗಳ ಸರದಿಯ ಮೇಲೆ. ಕಂದಕ, ಅದರ ಬೆನ್ನಿಗೇ ಬನೂ ಕುರೈಝಾ, ಆಮೇಲೆ ಹುದೈಬಿಯಾ ಒಪ್ಪಂದ, ಅಲ್ಲಿಂದ ಮರಳಿದ ಮೇಲೆ ಖೈಬರ್. ಈ ಸರದಿಯನ್ನು ಯಾರೂ ತಿರುವುಮುರುವು ಮಾಡಿಲ್ಲ. 4 ಎಂದು ಹಿಡಿದರೆ ಸಅದ್ ಸತ್ತು ಮೂರು ವರ್ಷ ಆಗಿರುತ್ತದೆ, ಅಷ್ಟೇ ವ್ಯತ್ಯಾಸ. ಒಳ್ಳೆಯ ಪರೀಕ್ಷೆಯನ್ನು ಗುರುತಿಸುವುದು ಹೀಗೆ: ಆಧಾರದಲ್ಲಿ ಒಂದಿಷ್ಟು ಸಂದೇಹವನ್ನು ಬಿಟ್ಟುಕೊಟ್ಟರೂ ತೀರ್ಪು ಅಲುಗಾಡಬಾರದು.

ಮುಆವಿಯಾರ ಸಾಕ್ಷಿ ಇಷ್ಟು ಗಟ್ಟಿಯಲ್ಲ ಎಂದು ನಾನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಅವರು ಮುಸ್ಲಿಮರಾದದ್ದು ಹಿಜರಿ 8ರಲ್ಲಿ, ಮಕ್ಕಾ ವಿಜಯದ ಹೊತ್ತಿಗೆ ಎಂಬುದು ಪ್ರಸಿದ್ಧ ಮಾತು. ಆದರೆ ಅದಕ್ಕೂ ಮೊದಲೇ, ಹುದೈಬಿಯಾದ ಆಸುಪಾಸಿನಲ್ಲೇ, ಮನಸ್ಸಿನಲ್ಲಿ ನಂಬಿ ತಂದೆ ಅಬೂ ಸುಫ್ಯಾನರಿಂದ ಮುಚ್ಚಿಟ್ಟಿದ್ದೆ ಎಂದು ಮುಆವಿಯಾರೇ ಹೇಳಿದರೆಂಬ ವರದಿಯೂ ಹಳೆಯ ಗ್ರಂಥಗಳಲ್ಲಿದೆ. ಅದನ್ನು ಒಪ್ಪಿದರೆ ‘ಆಗ ಅವರು ಮುಸ್ಲಿಮರಾಗಿರಲಿಲ್ಲ’ ಎಂಬ ವಾದ ಸಡಿಲವಾಗುತ್ತದೆ. ಆದರೂ ಪತ್ರ ಬದುಕುವುದಿಲ್ಲ. ಮಕ್ಕಾದಲ್ಲಿ ಅಪ್ಪನ ಮನೆಯಲ್ಲಿ ನಂಬಿಕೆ ಬಚ್ಚಿಟ್ಟುಕೊಂಡಿದ್ದ ಹುಡುಗ ಖೈಬರಿನ ತೋಟದಲ್ಲಿ ಕೂತು ಬಹಿರಂಗ ಪತ್ರಕ್ಕೆ ಸಾಕ್ಷಿ ಹಾಕಲು ಸಾಧ್ಯವಿಲ್ಲ.

ಇಷ್ಟಕ್ಕೂ ಖೋಟಾ ಮಾಡಿದವನು ಈ ಎರಡು ಹೆಸರುಗಳನ್ನೇ ಏಕೆ ಆರಿಸಿದ? ನನ್ನ ಊಹೆ ಇದು. ಸಅದ್ ಬಿನ್ ಮುಆದ್ ಮದೀನಾದ ಔಸ್ ಬುಡಕಟ್ಟಿನ ನಾಯಕ. ಬನೂ ಕುರೈಝಾದವರಿಗೂ ಔಸರಿಗೂ ಹಿಂದಿನಿಂದ ಮೈತ್ರಿ ಇತ್ತು. ಯಹೂದಿಗಳ ವಿಷಯಕ್ಕೆ ಒಬ್ಬ ದೊಡ್ಡ ಮುಸ್ಲಿಂ ಸಾಕ್ಷಿ ಬೇಕೆಂದರೆ ಮೊದಲು ನೆನಪಾಗುವ ಹೆಸರು ಅದೇ. ಮುಆವಿಯಾ ಪ್ರವಾದಿಯ ಲಿಪಿಕಾರರಲ್ಲಿ ಒಬ್ಬರೆಂದು ಖ್ಯಾತರು, ಮುಂದೆ ಖಲೀಫರಾದವರು. ನಾಲ್ಕು ಶತಮಾನ ಆಚೆ ನಿಂತು ನೋಡುವವನಿಗೆ ಇವರೆಲ್ಲ ಒಂದೇ ಸಾಲಿನಲ್ಲಿ ಕೂತ ಹಿರಿಯರಂತೆ ಕಾಣುತ್ತಾರೆ. ಯಾರು ಎದ್ದು ಹೋದ ಮೇಲೆ ಯಾರು ಬಂದು ಕೂತರು ಎಂಬುದು ಕಾಣುವುದಿಲ್ಲ. ಖೋಟಾ ಮಾಡುವವರು ಜಾರುವುದು ಸಾಮಾನ್ಯವಾಗಿ ಇಲ್ಲೇ. ಹೆಸರು ಗೊತ್ತಿರುತ್ತದೆ, ಸರದಿ ಗೊತ್ತಿರುವುದಿಲ್ಲ.

ನಮ್ಮ ಕಡೆ ತಾಮ್ರಶಾಸನ ಓದುವವರಿಗೆ ಈ ಮಾತು ಹೊಸದಲ್ಲ. ಗಂಗ ಅವಿನೀತನ ಹೆಸರಿನ ಮಡಿಕೇರಿಯ ತಾಮ್ರಪಟದಲ್ಲಿ 388ನೆಯ ವರ್ಷ ಎಂದಿದೆ. ಶಕವರ್ಷ ಎಂದು ಹಿಡಿದರೆ ಐದನೆಯ ಶತಮಾನ. ಅದರೊಳಗೆ ‘ಅಕಾಲವರ್ಷ’ ಎಂಬ ಹೆಸರು ಬರುತ್ತದೆ, ಅದು ಎಷ್ಟೋ ತಲೆಮಾರಿನ ನಂತರ ಬಂದ ರಾಷ್ಟ್ರಕೂಟ ಕೃಷ್ಣರ ಬಿರುದು. ಶಾಸನತಜ್ಞರು ಅದನ್ನು ಕೂಟಶಾಸನದ ಸಾಲಿಗೆ ಸೇರಿಸಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಭೂಮಿಯ ಹಕ್ಕು, ತೆರಿಗೆಯ ವಿನಾಯಿತಿ ಇರುವಲ್ಲಿ ಹಳೆಯ ದೊಡ್ಡವರ ಹೆಸರಿನ ಪತ್ರ ಹುಟ್ಟಿಕೊಳ್ಳುವುದು ಬಗ್ದಾದಿನಲ್ಲೂ ಒಂದೇ, ಕೊಡಗಿನಲ್ಲೂ ಒಂದೇ. ಅದಕ್ಕೇ ಈ ಪ್ರಕರಣವನ್ನು ಯಹೂದಿಗಳ ಕುತಂತ್ರ ಎಂದು ಓದುವವರ ಮಾತು ನನಗೆ ಒಪ್ಪಿಗೆಯಿಲ್ಲ. ತಲೆಗಂದಾಯ ಬಡವರ ಕುತ್ತಿಗೆಗೆ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಕೈರೋದ ಯಹೂದಿ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಾದ ಗೆನೀಝಾದಲ್ಲಿ ಸಿಕ್ಕ ಸಾಮಾನ್ಯ ಜನರ ಕಾಗದಗಳೇ ಸಾಕ್ಷಿ. ಇನ್ನು ಪ್ರವಾದಿಯ ಹೆಸರಿನಲ್ಲಿ ಮಾತು ಕಟ್ಟಿದವರ ಲೆಕ್ಕ ತೆಗೆದರೆ ಬಹುಪಾಲು ಮುಸ್ಲಿಮರೇ ಸಿಗುತ್ತಾರೆ. ಪಂಗಡಕ್ಕಾಗಿ ಕಟ್ಟಿದವರು, ಊರಿನ ಹೆಮ್ಮೆಗಾಗಿ ಕಟ್ಟಿದವರು, ಜನ ಕುರ್‌ಆನ್ ಓದಲಿ ಎಂಬ ಪುಣ್ಯದ ಆಸೆಗಾಗಿ ಕಟ್ಟಿದವರು.

ಮೂರನೆಯ ಪರೀಕ್ಷೆಯನ್ನು ಖತೀಬರು ಹೇಳಿದಂತೆ ಕಾಣುವುದಿಲ್ಲ. ಅದನ್ನು ಬಿಡಿಸಿ ಹೇಳಿದವರು ಸುಮಾರು ಮೂರು ಶತಮಾನದ ನಂತರ ಬಂದ ದಮಾಸ್ಕಸ್‌ನ ಇಬ್ನ್ ಅಲ್-ಕಯ್ಯಿಮ್ (ಮರಣ 1350). ಸನದ್ ನೋಡದೆಯೇ ಒಂದು ಹದೀಸ್ ಕಟ್ಟುಕತೆ ಎಂದು ತಿಳಿಯಲು ಯಾವುದಾದರೂ ನಿಯಮ ಉಂಟೇ ಎಂದು ಅವರನ್ನು ಯಾರೋ ಕೇಳಿದರು. ಅದಕ್ಕೆ ಉತ್ತರವಾಗಿ ಅವರು ಒಂದು ಸಣ್ಣ ಪುಸ್ತಕವನ್ನೇ ಬರೆದರು, ‘ಅಲ್-ಮನಾರ್ ಅಲ್-ಮುನೀಫ್’. ಅದರಲ್ಲಿ ಖೈಬರ್ ಪತ್ರ ಸುಳ್ಳು ಎನ್ನಲು ಹತ್ತು ಕಾರಣ ಕೊಡುತ್ತಾರೆ. ಮೊದಲೆರಡು ಖತೀಬರವೇ. ಮುಂದಿನವುಗಳಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಜಿಝಿಯಾದ್ದೇ.

ಜಿಝಿಯಾ ಕುರಿತ ಕುರ್‌ಆನ್ ವಚನ (9:29) ಬಂದದ್ದು ತಬೂಕ್ ದಂಡಯಾತ್ರೆಯ ವರ್ಷ, ಹಿಜರಿ 9ರಲ್ಲಿ. ಖೈಬರ್ 7ರಲ್ಲಿ. ಇಲ್ಲದ ತೆರಿಗೆಗೆ ವಿನಾಯಿತಿ ಕೊಡುವುದು ಹೇಗೆ? ಪತ್ರ ಇನ್ನೂ ಮುಂದೆ ಹೋಗಿ ಅವರಿಗೆ ಬಿಟ್ಟಿ ಚಾಕರಿಯಿಂದಲೂ ಬಲವಂತದ ವಸೂಲಿಗಳಿಂದಲೂ ಬಿಡುಗಡೆ ಎನ್ನುತ್ತದೆ. ಪ್ರವಾದಿಯ ಕಾಲದಲ್ಲಿ ಅಂಥ ಬಿಟ್ಟಿಯೂ ಇರಲಿಲ್ಲ, ವಸೂಲಿಯೂ ಇರಲಿಲ್ಲ, ಅವೆಲ್ಲ ಆಮೇಲಿನ ದೊರೆಗಳು ಹೇರಿದ್ದು ಎಂಬುದು ಇಬ್ನ್ ಅಲ್-ಕಯ್ಯಿಮರ ವಾದ. ಪತ್ರ ಬರೆದವನ ಕಾಲ ಇಲ್ಲಿ ಇಣುಕುತ್ತದೆ. ತನ್ನ ಬೆನ್ನ ಮೇಲಿದ್ದ ಹೊರೆಗಳನ್ನೇ ಅವನು ಒಂದೊಂದಾಗಿ ಹೆಸರು ಹಿಡಿದು ಇಳಿಸಿಕೊಂಡಿದ್ದಾನೆ.

ಈ ಪರೀಕ್ಷೆ ಸಾಕ್ಷಿಗಳ ಪರೀಕ್ಷೆಗಿಂತ ಆಳವಾದದ್ದು. ಸಾಕ್ಷಿಯ ಹೆಸರನ್ನು ಜಾಣ ಖೋಟಾಗಾರ ಬದಲಾಯಿಸಬಲ್ಲ. ಸಅದರನ್ನೂ ಮುಆವಿಯಾರನ್ನೂ ತೆಗೆದು ಖೈಬರಿನಲ್ಲಿ ನಿಜವಾಗಿಯೂ ಇದ್ದವರನ್ನು ಹಾಕಿದರೆ ಖತೀಬರ ಎರಡು ವಾಕ್ಯಕ್ಕೂ ಕೆಲಸವಿಲ್ಲ. ಆದರೆ ‘ಜಿಝಿಯಾ ಇಲ್ಲ’ ಎಂಬುದನ್ನು ತೆಗೆಯುವಂತಿಲ್ಲ. ಪತ್ರ ಹುಟ್ಟಿರುವುದೇ ಅದಕ್ಕಾಗಿ.

ಮೆಚ್ಚಬೇಕಾದ ಒಂದು ಜಾಣತನವೂ ಪತ್ರದಲ್ಲಿದೆ. ಅದರ ಕೆಳಗೆ ಒಂದು ನಿಜ ಇದೆ. ಪ್ರವಾದಿಯವರು ಖೈಬರಿನವರಿಂದ ಜಿಝಿಯಾ ಪಡೆದಿರಲಿಲ್ಲ. ಖರ್ಜೂರ ಮತ್ತು ಬೆಳೆಯ ಅರ್ಧ ಕೊಟ್ಟು ತೋಟದಲ್ಲೇ ಇರಿ, ನಾವು ಇರಿಸಿಕೊಂಡಷ್ಟು ಕಾಲ ಇರಿ ಎಂದು ಒಪ್ಪಂದವಾಗಿತ್ತು, ಒಂದು ರೀತಿಯ ಪಾಲುಗೇಣಿ. ಜಿಝಿಯಾ ವಚನ ಆಮೇಲೆ ಬಂದರೂ ಹಳೆಯ ಒಪ್ಪಂದವೇ ನಡೆಯಿತು. ಇದನ್ನು ಕಂಡ ಶಾಫಿಈ ಎಂಬ ನ್ಯಾಯಪಂಥದ ಕೆಲವು ಪಂಡಿತರು ಖೈಬರಿನವರಿಗೆ ಶಾಶ್ವತ ವಿನಾಯಿತಿ ಇತ್ತೆಂದೇ ತಿಳಿದರು, ಪತ್ರವನ್ನು ನಂಬಿ ಹಾಗೆ ಬರೆದವರೂ ಉಂಟು. ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ. ನಿಜದ ಬೇರಿಗೆ ಕಸಿ ಕಟ್ಟಿದ ಸುಳ್ಳು ಪಂಡಿತರನ್ನೂ ದಾರಿ ತಪ್ಪಿಸುತ್ತದೆ.

ಇನ್ನೊಂದು ಪ್ರಶ್ನೆಗೆ ಪತ್ರದ ಬಳಿ ಉತ್ತರವಿಲ್ಲ. ಖಲೀಫ ಉಮರ್ ಖೈಬರಿನವರನ್ನು ತೈಮಾ ಮತ್ತು ಜೆರಿಕೋ ಕಡೆಗೆ ಕಳಿಸಿಬಿಟ್ಟರು. ಊರು, ತೋಟ, ಮನೆ ಎಲ್ಲ ಹೋಗುತ್ತಿದ್ದ ಆ ಹೊತ್ತಿನಲ್ಲಿ, ಅಲಿಯವರ ಕೈಬರಹದ ಪ್ರವಾದಿಯ ಪತ್ರ ಪೆಟ್ಟಿಗೆಯಲ್ಲಿದ್ದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಬರೆದ ಅಲಿಯವರು ಮದೀನಾದಲ್ಲೇ ಬದುಕಿದ್ದರು, ಒಂದು ಮಾತು ಕೇಳಿದರೆ ಸಾಕಿತ್ತು. ಇಂಥ ಮೌನವನ್ನು ಹದೀಸ್ ಪಂಡಿತರು ಹುಷಾರಾಗಿ ಬಳಸುತ್ತಾರೆ. ಎಲ್ಲ ವಿಷಯವೂ ಎಲ್ಲರ ಕಿವಿಗೆ ಬಿದ್ದಿರುವುದಿಲ್ಲ. ಆದರೆ ಖಜಾನೆಗೆ, ಕಾನೂನಿಗೆ, ಒಂದು ಇಡೀ ಜನಕ್ಕೆ ಸಂಬಂಧಿಸಿದ ಪ್ರವಾದಿಯ ಆದೇಶ ಸಹಾಬಿಗಳಲ್ಲಿ ಒಬ್ಬರಿಗೂ ಗೊತ್ತಿಲ್ಲದೆ, ಲಾಭ ಪಡೆಯುವವರ ಮನೆಯಲ್ಲಿ ಮಾತ್ರ ಉಳಿದಿತ್ತು ಎಂದರೆ ಆ ಮೌನ ಸಾಕ್ಷಿ ನುಡಿಯುತ್ತದೆ.

ಪತ್ರದ ಮೇಲೆ ಹೊರಿಸಿದ ಆರೋಪಗಳಲ್ಲಿ ಸೋಲುವಂಥದ್ದೂ ಒಂದಿದೆ, ಅದನ್ನೂ ಹೇಳಬೇಕು. ಹದಿನಾಲ್ಕನೆಯ ಶತಮಾನದ ಚರಿತ್ರಕಾರ ಇಬ್ನ್ ಕಸೀರ್ ಈ ಪತ್ರವನ್ನು ಕಣ್ಣಾರೆ ಕಂಡಿದ್ದರು. ಸಅದ್ ಮತ್ತು ಮುಆವಿಯಾರ ವಿಷಯ ಹೇಳಿದ ಮೇಲೆ, ಅದರಲ್ಲಿ ‘ಅಲಿ ಬಿನ್ ಅಬೂ ತಾಲಿಬ್’ ಎಂದು ಬರೆದಿದೆ, ಇದು ವ್ಯಾಕರಣ ತಪ್ಪು ಎನ್ನುತ್ತಾರೆ. ಅರಬ್ಬಿಯಲ್ಲಿ ‘ಬಿನ್’ ಆದ ಮೇಲೆ ಷಷ್ಠೀ ವಿಭಕ್ತಿ ಬಂದು ‘ಅಬೀ ತಾಲಿಬ್’ ಆಗಬೇಕು. ಅರಬ್ಬಿ ಮಾತಿನ ನಡುವೆಯೇ ಹುಟ್ಟಿ ಬೆಳೆದ ಅಲಿ ತಮ್ಮ ತಂದೆಯ ಹೆಸರನ್ನೇ ತಪ್ಪು ಬರೆಯುತ್ತಾರೆಯೇ ಎಂಬುದು ವಾದ. ಕೇಳಲು ಚೆನ್ನಾಗಿದೆ. ಆದರೆ ಮಕ್ನಾ ಎಂಬ ಊರಿನವರಿಗೆ ಪ್ರವಾದಿಯವರು ಕೊಟ್ಟರೆನ್ನಲಾದ ಪತ್ರವನ್ನು ಒಂಬತ್ತನೆಯ ಶತಮಾನದ ಬಲಾಧುರಿ ನಕಲು ಮಾಡಿಕೊಟ್ಟಿದ್ದಾನೆ, ಅಲ್ಲೂ ‘ಅಬೂ ತಾಲಿಬ್’ ಎಂದೇ ಇದೆ. ‘ಅಬೂ ತಾಲಿಬ್’ ಎಂಬುದೇ ಹೆಸರಾಗಿ ಗಟ್ಟಿಯಾದ್ದರಿಂದ ವಿಭಕ್ತಿಗೆ ಬಾಗದೆ ಹಾಗೆಯೇ ಉಳಿಯುತ್ತಿತ್ತು ಎಂದು ಸಮರ್ಥಿಸಿದವರೂ ಇದ್ದಾರೆ. ಹಾಗಾಗಿ ವ್ಯಾಕರಣದ ತಪ್ಪು ಸಂಶಯ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಮಾತಿನ ಶೈಲಿ ಜೊಳ್ಳು, ಇದು ಪ್ರವಾದಿಯ ಮಾತಿನ ಹದವಲ್ಲ ಎಂಬ ವಾದವೂ ಹೀಗೆಯೇ. ಅನುಭವಿಯ ಕಿವಿಗೆ ಅದು ಥಟ್ಟನೆ ಹೊಳೆಯುತ್ತದೆ. ಒಬ್ಬರ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಸೇವೆ ಮಾಡಿದವನಿಗೆ ಯಜಮಾನನಿಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ಹೇಳಿಕೊಡಬೇಕಾಗಿಲ್ಲ, ಹದೀಸಿನಲ್ಲಿ ಮುಳುಗಿದವನೂ ಹಾಗೆ ಎಂದು ಇಬ್ನ್ ಅಲ್-ಕಯ್ಯಿಮರೇ ಹೋಲಿಸುತ್ತಾರೆ. ನಿಜ ಇರಬಹುದು. ಆದರೆ ಆ ಕಿವಿ ಇಲ್ಲದವನಿಗೆ ತೋರಿಸಿಕೊಡುವ ದಾರಿ ಯಾವುದು? ಸಅದರ ಸಾವನ್ನಾದರೆ ಯಾರಿಗೆ ಬೇಕಾದರೂ ತೋರಿಸಬಹುದು.

ತಾರೀಖಿನ ಈ ಕತ್ತಿಗೆ ಎರಡು ಅಲಗು. ಖತೀಬರ ಸಮಕಾಲೀನರೇ ಆದ ಆಂದಲೂಸಿಯಾದ ಇಬ್ನ್ ಹಝ್ಮ್ ಅದೇ ಕತ್ತಿಯನ್ನು ಮುಸ್ಲಿಂ ಅವರ ‘ಸಹೀಹ್’ನಲ್ಲೇ ಇರುವ ಒಂದು ಹದೀಸಿನ ಮೇಲೆ ಬೀಸಿದರು. ಅದರ ಪ್ರಕಾರ ಅಬೂ ಸುಫ್ಯಾನ್ ಮುಸ್ಲಿಮರಾದ ಮೇಲೆ ಪ್ರವಾದಿಯವರ ಬಳಿ ಮೂರು ಬೇಡಿಕೆ ಇಡುತ್ತಾರೆ. ಅದರಲ್ಲಿ ಒಂದು, ನನ್ನ ಮಗಳು ಉಮ್ಮು ಹಬೀಬಾಳನ್ನು ಮದುವೆಯಾಗಿ ಎಂಬುದು. ತೊಡಕು ಇರುವುದು ಇಲ್ಲೇ. ಉಮ್ಮು ಹಬೀಬಾ ಅಬಿಸೀನಿಯಾದಲ್ಲಿದ್ದಾಗಲೇ ಪ್ರವಾದಿಯವರೊಂದಿಗೆ ಅವರ ಮದುವೆ ಆಗಿತ್ತು, ಮಹರ್, ಅಂದರೆ ವಧುವಿಗೆ ಕೊಡಬೇಕಾದ ಧನ, ಕೊಟ್ಟದ್ದು ಅಲ್ಲಿಯ ರಾಜ ನಜಾಶಿ. ಮಕ್ಕಾ ವಿಜಯಕ್ಕೆ ಮೊದಲು ಅಬೂ ಸುಫ್ಯಾನ್ ಮಾತುಕತೆಗೆಂದು ಮದೀನಾಕ್ಕೆ ಬಂದು ಮಗಳ ಮನೆಗೆ ಹೋದಾಗ, ಅಪ್ಪ ಕೂರಬಾರದೆಂದು ಆಕೆ ಪ್ರವಾದಿಯ ಹಾಸಿಗೆಯನ್ನು ಮಡಚಿಟ್ಟ ಕಥೆ ಸೀರಾ, ಅಂದರೆ ಪ್ರವಾದಿಯ ಜೀವನಚರಿತ್ರೆ, ಓದಿದ ಎಲ್ಲರಿಗೂ ಗೊತ್ತು. ಆಗಲೇ ಹೆಂಡತಿಯಾಗಿದ್ದವಳನ್ನು ಮತ್ತೆ ಮದುವೆ ಮಾಡಿಕೊಡುವುದು ಎಲ್ಲಿಂದ ಬಂತು?

ಇಬ್ನ್ ಹಝ್ಮ್ ಹಿಂದೆಮುಂದೆ ನೋಡದೆ ಇದು ಕಟ್ಟಿದ್ದು ಎಂದರು, ದೋಷವನ್ನು ಸನದಿನಲ್ಲಿರುವ ಇಕ್ರಿಮಾ ಬಿನ್ ಅಮ್ಮಾರ್ ಎಂಬ ವರದಿಗಾರನ ತಲೆಗೆ ಕಟ್ಟಿದರು. ಮುಂದೆ ಬಂದ ಹದೀಸ್ ಪಂಡಿತ ಇಬ್ನುಸ್ಸಲಾಹ್ ಇದಕ್ಕೆ ಕೆಂಡಾಮಂಡಲವಾದರು, ಇಕ್ರಿಮಾ ಸುಳ್ಳು ಕಟ್ಟುವವನೆಂದು ಹಿಂದೆ ಯಾರೂ ಹೇಳಿಲ್ಲ ಎಂದರು. ನಿಕಾಹನ್ನು ಹೊಸದಾಗಿ ಮಾಡಿಸಲು ಕೇಳಿರಬಹುದು ಎಂದು ಸಮಾಧಾನ ಹೇಳಿದವರೂ ಇದ್ದಾರೆ. ನನಗೆ ಆ ಸಮಾಧಾನ ಎಳೆದು ತಂದದ್ದು ಅನ್ನಿಸುತ್ತದೆ. ಹಾಗೆಂದು ಇಬ್ನ್ ಹಝ್ಮರ ಪಕ್ಷಕ್ಕೂ ನಾನಿಲ್ಲ. ತಾರೀಖಿನ ಪರೀಕ್ಷೆ ‘ಇದು ಹೀಗೆ ನಡೆದಿರಲಾರದು’ ಎಂದು ಹೇಳಬಲ್ಲದು. ‘ಇವನು ಬೇಕೆಂದೇ ಕಟ್ಟಿದ’ ಎಂದು ಹೇಳಲಾರದು. ಪ್ರಾಮಾಣಿಕನೂ ಒಂದು ಹೆಸರಿನ ಜಾಗದಲ್ಲಿ ಇನ್ನೊಂದನ್ನು ಹೇಳಬಹುದು, ಎರಡು ಘಟನೆ ಬೆರೆಸಬಹುದು. ಹದೀಸ್ ಪಂಡಿತರು ಅದಕ್ಕೆ ವಹಮ್, ಎಂದರೆ ಭ್ರಮೆ ಎಂದೇ ಬೇರೆ ಹೆಸರಿಟ್ಟಿದ್ದಾರೆ. ಕಟ್ಟಿದ್ದಕ್ಕೆ ಇರುವ ಹೆಸರು ಮೌದೂಅ್. ಖೈಬರ್ ಪತ್ರದಲ್ಲಿ ಈ ಪ್ರಶ್ನೆ ಏಳಲಿಲ್ಲ, ಏಕೆಂದರೆ ಸತ್ತವನು ಸಾಕ್ಷಿ ಹಾಕಿದ ಪತ್ರ ನೆನಪಿನ ತಪ್ಪಿನಿಂದ ಹುಟ್ಟುವುದಿಲ್ಲ, ಯಾರೋ ಕೂತು ಬರೆಯಬೇಕು. ಬಾಯಿಮಾತಿನ ವರದಿಯಲ್ಲಿ ಹಾಗಲ್ಲ. ಅಲ್ಲಿ ಒಳಗಿನ ಮಾತು ತಪ್ಪು ಎಂದು ತಿಳಿದ ಮೇಲೆ, ತಪ್ಪಿದ್ದು ಯಾರು, ಹೇಗೆ ಎಂದು ಹುಡುಕಲು ಮತ್ತೆ ಸನದಿಗೇ ಹೋಗಬೇಕು. ಒಬ್ಬನೇ ಹೇಳಿದನೇ, ಅವನ ಗುರುವಿನ ಉಳಿದ ಶಿಷ್ಯರು ಏನೆಂದರು, ಅವನು ಬೇರೆಡೆಯೂ ಹೀಗೆ ಎಡವಿದ್ದಾನೆಯೇ ಎಂದು.

ಬಗ್ದಾದಿನಲ್ಲಿ ವಜೀರನಿಗೆ ಖತೀಬರ ಉತ್ತರ ಎಷ್ಟು ಹಿಡಿಸಿತೆಂದರೆ, ಇನ್ನು ಮುಂದೆ ಪ್ರವಚನಕಾರರು ಯಾವ ಹದೀಸನ್ನೇ ಆಗಲಿ ಖತೀಬರಿಗೆ ತೋರಿಸದೆ ವೇದಿಕೆಯಲ್ಲಿ ಹೇಳಬಾರದೆಂದು ಅಪ್ಪಣೆ ಮಾಡಿದ. ಅದು ಹೆಚ್ಚು ದಿನ ನಡೆಯಲಿಲ್ಲ. 1059ರಲ್ಲಿ ಸೇನಾನಿ ಬಸಾಸೀರಿಯ ದಂಗೆಯಲ್ಲಿ ವಜೀರನನ್ನೇ ಕೊಂದರು, ಖತೀಬರು ಊರು ಬಿಟ್ಟು ದಮಾಸ್ಕಸ್‌ಗೆ ಹೋದರು.

ಪತ್ರ ಮಾತ್ರ ಸಾಯಲಿಲ್ಲ. ಹಿಜರಿ 701ರಲ್ಲಿ, ಅಂದರೆ 1302ರಲ್ಲಿ, ದಮಾಸ್ಕಸ್‌ನಲ್ಲಿ ಖೈಬರಿ ಯಹೂದಿಗಳಿಗೆ ಜಿಝಿಯಾ ಕಟ್ಟಿ ಎಂದಾಗ ಅವರು ಪ್ರವಾದಿಯ ಪತ್ರ ಎಂದು ಒಂದನ್ನು ಸಭೆಗೆ ತಂದರು. ವಿದ್ವಾಂಸ ಇಬ್ನ್ ತೈಮಿಯಾರ ಮುಂದೆ ಅದನ್ನು ರೇಷ್ಮೆ, ಜರತಾರಿಯಲ್ಲಿ ಸುತ್ತಿ ಮೆರವಣಿಗೆಯ ಹಾಗೆ ತಂದರೆಂದೂ, ಅವರು ಬಿಚ್ಚಿ ಓದಿ ಅದರ ಮೇಲೆ ಉಗುಳಿದರೆಂದೂ ಶಿಷ್ಯ ಇಬ್ನ್ ಅಲ್-ಕಯ್ಯಿಮ್ ಬರೆಯುತ್ತಾರೆ. ಉಗುಳುವುದು ಪರೀಕ್ಷೆಯಲ್ಲ, ಪುಣ್ಯಕ್ಕೆ ಆಮೇಲೆ ಕಾರಣಗಳನ್ನೂ ಹೇಳಿದರು. ತಂದವರು ತೆರಿಗೆ ಕಟ್ಟಲು ಒಪ್ಪಿ ಹೋದರು. ಮುಂದೆ ಇಬ್ನ್ ಕಸೀರರ ಕೈಗೆ ಆ ಪತ್ರ ಸಿಕ್ಕಾಗಲೂ ಅದರಲ್ಲಿ ಸಅದ್ ಬಿನ್ ಮುಆದರ ಸಾಕ್ಷಿ ಇದ್ದಲ್ಲೇ ಇತ್ತು. ಖತೀಬರು ತಪ್ಪು ತೋರಿಸಿ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಅದನ್ನು ಯಾರೂ ತಿದ್ದಿರಲಿಲ್ಲ. ಪ್ರವಾದಿಯ ಪತ್ರ ಎಂದು ರೇಷ್ಮೆಯಲ್ಲಿ ಸುತ್ತಿಟ್ಟುಕೊಂಡವರು ಅದರಲ್ಲಿ ಒಂದು ಹೆಸರನ್ನು ಕೆರೆದು ಇನ್ನೊಂದು ಬರೆಯುವಂತಿಲ್ಲವಲ್ಲ.